2880ರ ಮೋಟರ್ ಇಳಿಸಿ 1440 ಏರಿಸಿದ್ದು: ಹಳೆ ಡ್ರಿಲ್ಲಿಂಗ್ ಮಷೀನಿಗೆ ಸ್ಟೆಪ್ ಪುಲ್ಲಿ ಲೆಕ್ಕ

ಮಾಗಡಿ ರಸ್ತೆ ಪಕ್ಕದ ನಮ್ಮ ಶೆಡ್ಡಿಗೆ ಪೀಣ್ಯದಿಂದ ಒಂದು ಹಳೆಯ 13 ಮಿಮೀ ಡ್ರಿಲ್ಲಿಂಗ್ ಮಷೀನ್ ಬಂತು. ಯಾವುದೋ ಮುಚ್ಚಿದ ವರ್ಕ್‌ಶಾಪಿನ ಮಾಲು. ಕಾಲಮ್ ನೆಟ್ಟಗಿದೆ, ಸ್ಪಿಂಡಲ್‌ನಲ್ಲಿ ಆಟವಿಲ್ಲ, ಚಕ್ ಚೆನ್ನಾಗಿದೆ. ಸ್ಪಿಂಡಲ್ ಮೇಲೆ ನಾಲ್ಕು ಮೆಟ್ಟಿಲಿನ ಬೀಡಿನ ಪುಲ್ಲಿ ಕೂತಿದೆ. ಮೋಟರ್ ಕಡೆ ಮಾತ್ರ ಸ್ಟೆಪ್ ಪುಲ್ಲಿ ಇರಲಿಲ್ಲ. ಅಲ್ಲಿ ಒಂದೇ ಗ್ರೂವಿನ ಸಣ್ಣ ಪುಲ್ಲಿ, ಅದರ ಕೆಳಗೆ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್.

ತೊಂದರೆ ಮೊದಲ ತೂತಿನಲ್ಲೇ ಕಂಡಿತು. 10 ಮಿಮೀ ದಪ್ಪದ ಎಂ.ಎಸ್. ಪ್ಲೇಟಿಗೆ 10 ಮಿಮೀ ಎಚ್‌ಎಸ್‌ಎಸ್ ಬಿಟ್ ಹಾಕಿದೆ. ಬೆಲ್ಟ್ ಸ್ಪಿಂಡಲ್‌ನ ಎಲ್ಲಕ್ಕಿಂತ ದೊಡ್ಡ ಮೆಟ್ಟಿಲ ಮೇಲಿತ್ತು, ಅಂದರೆ ಅದೇ ಆ ಮಷೀನಿನ ಅತಿ ನಿಧಾನದ ವೇಗ. ಆದರೂ ಬಿಟ್ ಚೀರಿತು, ಹೊಗೆ ಬಂತು. ಹೊರಗೆ ತೆಗೆದು ನೋಡಿದರೆ ಬಿಟ್ಟಿನ ಹೊರ ಮೂಲೆಗಳು ನೀಲಿಯಾಗಿದ್ದವು. ತುದಿಯ ನಡುಭಾಗ ಚೆನ್ನಾಗಿದ್ದು ಹೊರ ಮೂಲೆ ಮಾತ್ರ ನೀಲಿಯಾದರೆ ಮೊದಲ ಅನುಮಾನ ವೇಗದ ಮೇಲೆ ಬರಬೇಕು. ಬಿಟ್ಟಿನಲ್ಲಿ ಅತಿ ಜೋರಾಗಿ ಓಡುವ ಜಾಗ ಅದೇ ಅಲ್ವಾ. ಸಾಣೆ ಸರಿಯಿಲ್ಲದಿದ್ದರೂ ಬಿಟ್ ಸುಡುತ್ತದೆ, ಹಾಗಾಗಿ ಹೊಸ ಬಿಟ್ ಹಾಕಿ ಮತ್ತೆ ನೋಡಿದೆ. ಅದೇ ಕಥೆ.

1. ಇದ್ದ ವೇಗ ಎಷ್ಟು

ಮೋಟರಿನ ನೇಮ್ ಪ್ಲೇಟ್ ಮೇಲಿನ ಪೇಂಟ್ ಕೆರೆದು ಓದಿದೆ. 2880 ಆರ್‌ಪಿಎಂ. ಅಲ್ಲಿಗೆ ಅರ್ಧ ವಿಷಯ ಗೊತ್ತಾಯಿತು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ 2 ಪೋಲ್ ಮೋಟರ್ 3000ದ ಹತ್ತಿರ ತಿರುಗುತ್ತದೆ, 4 ಪೋಲ್ ಮೋಟರ್ 1500ರ ಹತ್ತಿರ. ಇಂಥ ಬೆಂಚ್ ಡ್ರಿಲ್ಲಿಗೆ ಸಾಮಾನ್ಯವಾಗಿ ಹಾಕುವುದು 4 ಪೋಲ್. ಮಷೀನಿನ ಮೋಟರ್ ಸುಟ್ಟಾಗ ಯಾರೋ ಕೈಗೆ ಸಿಕ್ಕ 2 ಪೋಲ್ ಮೋಟರ್ ಕೂರಿಸಿದ್ದಾರೆ. ಎರಡೂ ಅರ್ಧ ಎಚ್‌ಪಿ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ವೇಗದ ಲೆಕ್ಕ ಒಂದೇ ಸಾಲಿನದು:

```
N2 = N1 × d1 / d2

N1 = ಮೋಟರ್ ವೇಗ      d1 = ಮೋಟರ್ ಪುಲ್ಲಿ ವ್ಯಾಸ
N2 = ಸ್ಪಿಂಡಲ್ ವೇಗ     d2 = ಸ್ಪಿಂಡಲ್ ಪುಲ್ಲಿ ವ್ಯಾಸ
```

ಸೂತ್ರ ಸುಲಭ. ಆದರೆ ಯಾವ ವ್ಯಾಸ ಹಾಕಬೇಕು ಎನ್ನುವುದರಲ್ಲಿ ಎಲ್ಲ ಇದೆ. ವರ್ನಿಯರ್ ಹಿಡಿದರೆ ಸಿಗುವುದು ಪುಲ್ಲಿಯ ಹೊರ ಅಂಚಿನ ಅಳತೆ. ಬೆಲ್ಟ್ ಆ ಅಂಚಿನ ಮೇಲೆ ಓಡುವುದಿಲ್ಲ, ಗ್ರೂವಿನ ಒಳಗೆ ಕೂತು ಓಡುತ್ತದೆ. ಬೆಲ್ಟಿನ ಒಳಗಿರುವ ದಾರದ ಪದರ ಯಾವ ವೃತ್ತದಲ್ಲಿ ಸುತ್ತುತ್ತದೋ ಅದೇ ಲೆಕ್ಕಕ್ಕೆ ಬರುವ ವ್ಯಾಸ. ಅದಕ್ಕೆ ಪಿಚ್ ವ್ಯಾಸ ಎನ್ನುತ್ತಾರೆ. ನಮ್ಮ ಮಷೀನಿನಲ್ಲಿರುವುದು ಎ ಸೆಕ್ಷನ್ ಬೆಲ್ಟ್, ಮೇಲ್ಭಾಗ 13 ಮಿಮೀ ಅಗಲ, 8 ಮಿಮೀ ದಪ್ಪ. ಎ ಸೆಕ್ಷನ್ ಗ್ರೂವಿನಲ್ಲಿ ಪಿಚ್ ಗೆರೆ ಅಂಚಿನಿಂದ 3.3 ಮಿಮೀ ಒಳಗಿರುತ್ತದೆ. ಎರಡೂ ಕಡೆ ಸೇರಿ 6.6 ಮಿಮೀ. ಹೊರ ವ್ಯಾಸದಿಂದ 6.6 ಕಳೆದರೆ ಪಿಚ್ ವ್ಯಾಸ ಸಿಕ್ಕಿತು.

ಸ್ಪಿಂಡಲ್ ಪುಲ್ಲಿಯ ಹೊರ ಅಳತೆ 142, 117, 92, 67 ಮಿಮೀ ಬಂತು. 6.6 ಕಳೆದು ದಶಮಾಂಶ ಬಿಟ್ಟರೆ 135, 110, 85, 60. ಅಂಕಿಗಳು ಇಷ್ಟು ಗುಂಡಾಗಿ ಬಂದಾಗ ಮಷೀನ್ ಮಾಡಿದವರೂ ಪಿಚ್ ಅಳತೆಯಲ್ಲೇ ಯೋಚಿಸಿದ್ದಾರೆ ಎಂದು ಧೈರ್ಯ ಬಂತು. ಮೋಟರ್ ಮೇಲಿದ್ದ ಸಣ್ಣ ಪುಲ್ಲಿಯ ಹೊರ ವ್ಯಾಸ 70, ಪಿಚ್ 63.

```
2880 × 63 / 135 = 1344 ಆರ್‌ಪಿಎಂ
```

ಇದು ಆ ಮಷೀನಿನ ಅತಿ ನಿಧಾನದ ವೇಗ. ಈಗ 10 ಮಿಮೀ ಬಿಟ್ಟಿಗೆ ಎಷ್ಟು ಬೇಕು ನೋಡೋಣ. ಎಂ.ಎಸ್. ಕೊರೆಯುವಾಗ ಎಚ್‌ಎಸ್‌ಎಸ್ ಬಿಟ್ಟಿನ ಹೊರ ಅಂಚು ನಿಮಿಷಕ್ಕೆ ಸುಮಾರು 25 ಮೀಟರ್ ಓಡಬೇಕು.

```
N = 1000 × V / (3.14 × D)
  = 1000 × 25 / (3.14 × 10) = 796
```

ಅಂದರೆ ಸುಮಾರು 800. ಶೆಡ್ಡಿನಲ್ಲಿ ನಾನು ಇದನ್ನು ಇನ್ನೂ ಚಿಕ್ಕದು ಮಾಡಿಕೊಂಡಿದ್ದೇನೆ: ಎಂ.ಎಸ್.ಗೆ 8000 ಭಾಗಿಸು ಬಿಟ್ ಸೈಜ್. 10ಕ್ಕೆ 800, 8ಕ್ಕೆ 1000, 5ಕ್ಕೆ 1600. ಬಾಯಲ್ಲೇ ಲೆಕ್ಕ ಆಗುತ್ತದೆ.

800 ಬೇಕಾದ ಕಡೆ 1344 ಓಡುತ್ತಿತ್ತು. ಬಿಟ್ಟಿನ ಅಂಚು ನಿಮಿಷಕ್ಕೆ 42 ಮೀಟರ್ ಹೋಗುತ್ತಿತ್ತು. ನೀಲಿಯಾಗದೆ ಇನ್ನೇನಾಗುತ್ತದೆ.

2. ಅಗ್ಗದ ದಾರಿ ಮೊದಲು: 2 ಇಂಚಿನ ಪುಲ್ಲಿ

ಮೋಟರ್ ಬದಲಿಸದೆ ಪುಲ್ಲಿ ಮಾತ್ರ ಚಿಕ್ಕದು ಮಾಡಿ ನೋಡಿದೆ. ಎಸ್‌ಜೆಪಿ ರೋಡಿನಲ್ಲಿ ರೆಡಿಮೇಡ್ 2 ಇಂಚಿನ ಎ ಗ್ರೂವ್ ಪುಲ್ಲಿ 250 ರೂಪಾಯಿಗೆ ಸಿಕ್ಕಿತು. ಹೊರ ವ್ಯಾಸ 51, ಪಿಚ್ 44.

```
2880 × 44 / 135 = 939
```

ಕಾಗದದ ಮೇಲೆ ಇದು ಚೆನ್ನಾಗಿದೆ. 10 ಮಿಮೀ ಬಿಟ್ಟಿಗೆ ಸ್ವಲ್ಪ ಜಾಸ್ತಿ, ಆದರೂ ನಡೆಯುತ್ತದೆ. ಹಾಕಿ ಓಡಿಸಿದಾಗ ಖಾಲಿ ತಿರುಗುವಾಗ ಏನೂ ಗೊತ್ತಾಗಲಿಲ್ಲ. ಪ್ಲೇಟಿಗೆ ಬಿಟ್ ಇಳಿಸಿ ಒತ್ತಿದ ಕೂಡಲೇ ಸ್ಪಿಂಡಲ್ ನಿಂತು ನಿಂತು ತಿರುಗಿತು. ಮೋಟರ್ ಮಾತ್ರ ಅದರ ಪಾಡಿಗೆ ಓಡುತ್ತಿತ್ತು. ಬೆಲ್ಟ್ ಬಿಗಿ ಮಾಡಿದೆ. ಜಾರುವುದು ಕಡಿಮೆಯಾಯಿತು, ಆದರೆ ಸ್ವಲ್ಪ ಹೊತ್ತಿನಲ್ಲೇ ರಬ್ಬರ್ ವಾಸನೆ ಬಂತು. ಮೋಟರ್ ನಿಲ್ಲಿಸಿ ಸಣ್ಣ ಪುಲ್ಲಿ ಮುಟ್ಟಿದರೆ ಕೈ ಇಡಲು ಆಗಲಿಲ್ಲ.

ಕಾರಣ ಬೆಲ್ಟಿನ ದಪ್ಪ. 8 ಮಿಮೀ ದಪ್ಪದ ಬೆಲ್ಟ್ 44 ಮಿಮೀ ಸುತ್ತಿಗೆ ಸಲೀಸಾಗಿ ಬಗ್ಗುವುದಿಲ್ಲ. ಬಗ್ಗಿಸಲೇ ಶಕ್ತಿ ಹೋಗುತ್ತದೆ, ಆ ಶಕ್ತಿ ಬಿಸಿಯಾಗುತ್ತದೆ. ಹಿಡಿತಕ್ಕೆ ಸಿಗುವ ಜಾಗವೂ ಕಡಿಮೆ. ಎ ಸೆಕ್ಷನ್ ಬೆಲ್ಟಿಗೆ 75 ಮಿಮೀ ಪಿಚ್‌ಗಿಂತ ಚಿಕ್ಕ ಪುಲ್ಲಿ ಬೇಡ ಎನ್ನುವುದು ಪುಸ್ತಕದ ಮಾತು. ಸಣ್ಣ ಡ್ರಿಲ್ಲಿಂಗ್ ಮಷೀನುಗಳಲ್ಲಿ 60ರವರೆಗೂ ಇಳಿಯುತ್ತಾರೆ, ಲೋಡ್ ಕಡಿಮೆ ಇರುವುದರಿಂದ ಬೆಲ್ಟ್ ತಡೆದುಕೊಳ್ಳುತ್ತದೆ. 44 ಆಗುವುದಿಲ್ಲ.

ಹಾಗಿದ್ದರೆ 2880ರ ಮೋಟರಿಗೇ ಸರಿಯಾದ ಸ್ಟೆಪ್ ಪುಲ್ಲಿ ಮಾಡಿಸಬಹುದೇ? ಅದನ್ನೂ ಲೆಕ್ಕ ಹಾಕಿದೆ. 13 ಮಿಮೀ ಬಿಟ್ಟಿಗೆ 8000 ಭಾಗಿಸು 13, ಅಂದರೆ 615 ಬೇಕು. 640 ಬಂದರೂ ಸಾಕು ಎಂದಿಟ್ಟುಕೊಳ್ಳಿ. 2880ರಿಂದ 640ಕ್ಕೆ ಇಳಿಯಲು ನಾಲ್ಕೂವರೆ ಪಟ್ಟು ಇಳಿಸಬೇಕು. ಸ್ಪಿಂಡಲ್‌ನಲ್ಲಿ 135 ಇದ್ದರೆ ಮೋಟರಿನಲ್ಲಿ ಪಿಚ್ 30. ಗ್ರೂವ್ ಪಿಚ್ ಗೆರೆಯಿಂದ ಕೆಳಗೆ ಇನ್ನೂ 8.7 ಮಿಮೀ ಆಳ ಬೇಕು, ಎರಡು ಕಡೆಗೆ 17.4. ಮೂವತ್ತರಲ್ಲಿ ಅದನ್ನು ಕಳೆದರೆ ಗ್ರೂವಿನ ತಳದಲ್ಲಿ 12.6 ಮಿಮೀ ಉಳಿಯುತ್ತದೆ. ಮೋಟರ್ ಶಾಫ್ಟೇ 19 ಮಿಮೀ. ಶಾಫ್ಟಿಗಿಂತ ಸಣ್ಣ ಪುಲ್ಲಿ ಮಾಡಲು ಯಾವ ಟರ್ನರಿಗೂ ಆಗದು.

ನಡುವೆ ಇನ್ನೊಂದು ಪುಲ್ಲಿ ನಿಲ್ಲಿಸಿ ಎರಡು ಬೆಲ್ಟಿನಲ್ಲಿ ಇಳಿಸುವ ದಾರಿ ಇದೆ. ದೊಡ್ಡ ಮಷೀನುಗಳಲ್ಲಿ ಹಾಗೆ ಇರುತ್ತದೆ. ಈ ಮಷೀನಿನ ತಲೆಯಲ್ಲಿ ಅದಕ್ಕೆ ಜಾಗವಿಲ್ಲ. ಮೋಟರ್ ಬದಲಿಸುವುದೇ ಸರಿ ಎಂದು ನಿಂತೆ.

3. ಮೋಟರ್

ಅರ್ಧ ಎಚ್‌ಪಿ, 4 ಪೋಲ್, 1440 ಆರ್‌ಪಿಎಂ, ಸಿಂಗಲ್ ಫೇಸ್, ರೀವೈಂಡ್ ಆಗಿದ್ದ ಸೆಕೆಂಡ್ ಹ್ಯಾಂಡ್ ಮೋಟರ್. 3200 ರೂಪಾಯಿ. ಶಾಫ್ಟ್ 19 ಮಿಮೀ, ಕೀ 6 ಮಿಮೀ. ಅಂಗಡಿಯಲ್ಲೇ ಕರೆಂಟ್ ಕೊಟ್ಟು ಓಡಿಸಿ ನೋಡಿದೆ. ಬೇರಿಂಗ್ ಸದ್ದಿಲ್ಲ. ಹಳೇ ಮೋಟರ್ 1500ಕ್ಕೆ ಹೋಯಿತು.

ಮಷೀನಿಗೆ ಕೂರಿಸಿದಾಗ ಉಲ್ಟಾ ತಿರುಗಿತು. ಡ್ರಿಲ್ ಸ್ಪಿಂಡಲ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ಟರ್ಮಿನಲ್ ಬಾಕ್ಸಿನಲ್ಲಿ ಸ್ಟಾರ್ಟಿಂಗ್ ವೈಂಡಿಂಗಿನ ಎರಡು ತುದಿ ಅದಲು ಬದಲು ಮಾಡಿದೆ, ಸರಿ ಹೋಯಿತು. ಪ್ಲಗ್ಗಿನಲ್ಲಿ ಫೇಸ್, ನ್ಯೂಟ್ರಲ್ ಬದಲಿಸಿದರೆ ಸಿಂಗಲ್ ಫೇಸ್ ಮೋಟರ್ ದಿಕ್ಕು ಬದಲಾಗುವುದಿಲ್ಲ.

4. ಪುಲ್ಲಿಯ ಅಳತೆ ಗೊತ್ತು ಮಾಡಿದ್ದು

ಸ್ಟೆಪ್ ಪುಲ್ಲಿಯಲ್ಲಿ ಒಂದೇ ಬೆಲ್ಟ್ ನಾಲ್ಕು ಜಾಗದಲ್ಲೂ ಕೂರಬೇಕು. ಅದಕ್ಕೆ ಎದುರು ಬದುರು ಇರುವ ಎರಡು ಮೆಟ್ಟಿಲ ವ್ಯಾಸ ಕೂಡಿಸಿದರೆ ನಾಲ್ಕು ಜೋಡಿಯಲ್ಲೂ ಒಂದೇ ಮೊತ್ತ ಬರಬೇಕು. ಸ್ಪಿಂಡಲ್ ಪುಲ್ಲಿಯನ್ನೇ ತಲೆಕೆಳಗು ಮಾಡಿ ಮೋಟರಿಗೆ ಹಾಕಿದಂತೆ ಮಾಡಿದರೆ ಮೊತ್ತ 195:

| ಸ್ಥಾನ | ಮೋಟರ್ ಪಿಚ್ | ಸ್ಪಿಂಡಲ್ ಪಿಚ್ | 1440ಕ್ಕೆ ಸ್ಪಿಂಡಲ್ ವೇಗ |
|---|---|---|---|
| ಕೆಳಗೆ | 60 | 135 | 640 |
| ಎರಡನೆಯದು | 85 | 110 | 1113 |
| ಮೂರನೆಯದು | 110 | 85 | 1864 |
| ಮೇಲೆ | 135 | 60 | 3240 |

ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ವೇಗ ಸುಮಾರು 1.7 ಪಟ್ಟು ಏರುತ್ತದೆ. ಇದು ಒಳ್ಳೆಯ ಹಂಚಿಕೆ. ಯಾವ ಬಿಟ್ ಹಾಕಿದರೂ ತುಂಬಾ ದೂರದ ವೇಗ ಸಿಗುವುದಿಲ್ಲ.

ಮೊತ್ತ 195 ಆಗಲೇಬೇಕು ಎಂದೇನೂ ಇಲ್ಲ, ಎಲ್ಲ ಜೋಡಿಯಲ್ಲೂ ಒಂದೇ ಇದ್ದರೆ ಸಾಕು. ಮೋಟರ್ ಕಡೆ 55, 80, 105, 130 ಮಾಡಿದರೆ ಮೊತ್ತ 190, ಕೆಳಗಿನ ವೇಗ 587ಕ್ಕೆ ಇಳಿಯುತ್ತದೆ. 13 ಮಿಮೀ ಬಿಟ್ಟಿಗೆ ಅದು ಇನ್ನೂ ಒಳ್ಳೆಯದು. ಆದರೆ 44ರ ಪುಲ್ಲಿ ಮಾಡಿದ್ದು ನೋಡಿದ ಮೇಲೆ 60ಕ್ಕಿಂತ ಕೆಳಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ನಿಧಾನದ ವೇಗದಲ್ಲೇ ದೊಡ್ಡ ಬಿಟ್ ಹಾಕುವುದು, ಅಲ್ಲೇ ಬೆಲ್ಟಿನ ಮೇಲೆ ಹೆಚ್ಚು ಭಾರ ಬೀಳುವುದು.

ಬೆಲ್ಟ್ ಉದ್ದವನ್ನೂ ನೋಡಿದೆ. ಮೊತ್ತ ಒಂದೇ ಇದ್ದರೂ ಉದ್ದ ಪೂರ್ತಿ ಒಂದೇ ಬರುವುದಿಲ್ಲ, ಸೂತ್ರದಲ್ಲಿ ವ್ಯಾಸಗಳ ವ್ಯತ್ಯಾಸವೂ ಸೇರುತ್ತದೆ:

```
L = 2C + 1.57 × (D + d) + (D − d)² / (4C)
```

C ಅಂದರೆ ಎರಡು ಶಾಫ್ಟಿನ ನಡುವಿನ ಅಂತರ. ನಮ್ಮಲ್ಲಿ 280 ಮಿಮೀ. ಮೇಲಿನ, ಕೆಳಗಿನ ಜೋಡಿಗೆ L ಸುಮಾರು 871 ಬರುತ್ತದೆ, ನಡುವಿನ ಎರಡು ಜೋಡಿಗೆ 867. ನಾಲ್ಕೈದು ಮಿಮೀ ವ್ಯತ್ಯಾಸ. ಮೋಟರನ್ನು ಎರಡು ಮಿಮೀಯಷ್ಟು ಸರಿಸಿದರೆ ಅದು ಸರಿಹೋಗುತ್ತದೆ. ಬೆಲ್ಟ್ ಬದಲಿಸಲು ಹೇಗೂ ಮೋಟರ್ ಸಡಿಲಿಸಲೇಬೇಕು, ಹಾಗಾಗಿ ಡ್ರಿಲ್ಲಿಂಗ್ ಮಷೀನಿನಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶಾಫ್ಟುಗಳ ಅಂತರ ಬದಲಿಸಲು ಆಗದ ಲೇತಿನಲ್ಲಿ ಮಾತ್ರ ಇದು ಕಾಡುತ್ತದೆ. ಅಲ್ಲಿ ನಡುವಿನ ಮೆಟ್ಟಿಲಲ್ಲಿ ಬೆಲ್ಟ್ ಸಡಿಲ, ತುದಿಯ ಮೆಟ್ಟಿಲಲ್ಲಿ ಬಿಗಿ ಆಗುತ್ತದೆ. ನಡುವಿನ ಮೆಟ್ಟಿಲುಗಳನ್ನು ಒಂದೂವರೆ ಮಿಮೀಯಷ್ಟು ದೊಡ್ಡದು ಮಾಡಿ ಅದನ್ನು ಸರಿದೂಗಿಸಬೇಕು.

ಬೆಲ್ಟ್ ಅಂಗಡಿಯಲ್ಲಿ ಕೇಳಬೇಕಾದ ನಂಬರ್ ಒಳ ಉದ್ದದ ಇಂಚಿನದು. ಎ ಸೆಕ್ಷನ್‌ನಲ್ಲಿ ಪಿಚ್ ಉದ್ದದಿಂದ ಸುಮಾರು 36 ಮಿಮೀ ಕಳೆದರೆ ಒಳ ಉದ್ದ. 871ರಿಂದ 36 ಕಳೆದರೆ 835, ಇಂಚಿನಲ್ಲಿ ಸುಮಾರು 33. ಎ-33 ಬೆಲ್ಟ್, 180 ರೂಪಾಯಿ.

5. ಕಾಮಾಕ್ಷಿಪಾಳ್ಯದಲ್ಲಿ ಟರ್ನಿಂಗ್

ಬೀಡಿನ ಬದಲು ಅಲ್ಯೂಮಿನಿಯಂ ತೆಗೆದುಕೊಂಡೆ. ನಾಲ್ಕು ಗ್ರೂವಿಗೆ ಪುಲ್ಲಿ 65 ಮಿಮೀ ಉದ್ದ ಆಗುತ್ತದೆ, ಮೋಟರ್ ಶಾಫ್ಟ್ ಹೊರಗೆ ಬಂದಿರುವುದು 40 ಮಿಮೀ ಮಾತ್ರ. ಮೇಲೆ ಚಾಚಿದ ಭಾಗ ಭಾರವಾದರೆ ಮೋಟರಿನ ಬೇರಿಂಗ್ ಬೇಗ ಸವೆಯುತ್ತದೆ. ಬೀಡಿನ ಪುಲ್ಲಿ ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ.

ಡ್ರಾಯಿಂಗಿನಲ್ಲಿ ಪಿಚ್ ವ್ಯಾಸವನ್ನೂ ಹೊರ ವ್ಯಾಸವನ್ನೂ ಎರಡೂ ಬರೆದೆ: ಪಿಚ್ 60ಕ್ಕೆ ಹೊರಗೆ 67, 85ಕ್ಕೆ 92, 110ಕ್ಕೆ 117, 135ಕ್ಕೆ 142. ಬರೀ 60 ಎಂದು ಬರೆದುಕೊಟ್ಟರೆ ಟರ್ನರ್ ಹೊರಗಿನ ವ್ಯಾಸವನ್ನೇ 60 ಮಾಡುತ್ತಾರೆ, ಅದು ಅವರ ತಪ್ಪಲ್ಲ. ಆಗ ಪಿಚ್ 53 ಆಗಿ ಕೆಳಗಿನ ವೇಗ 565ಕ್ಕೆ ಬೀಳುತ್ತದೆ, ಬೆಲ್ಟ್ ಮತ್ತೆ ಜಾರಲು ಶುರು ಮಾಡುತ್ತದೆ.

ಗ್ರೂವಿನ ಕೋನದ ಬಗ್ಗೆ ಒಳ್ಳೆಯ ಚರ್ಚೆ ಆಯಿತು. ಟರ್ನರ್ ಅಣ್ಣ ಬೆಲ್ಟ್ ತುಂಡು ಹಿಡಿದು ಅಳೆದರು.

"ಬೆಲ್ಟೇ 40 ಡಿಗ್ರಿ ಐತಲ್ಲ ಸಾರ್. ಗ್ರೂವೂ 40 ಇರ್ಲಿ, ಒಂದೇ ಟೂಲಲ್ಲಿ ಎಲ್ಲಾ ಹೊಡೆದುಬಿಡ್ತೀನಿ."

"ಚಿಕ್ಕ ಮೆಟ್ಟಿಲಿಗೆ 34 ಬೇಕಣ್ಣ. ಬೇಕಾದ್ರೆ ಬೇರೆ ತುಂಡಲ್ಲಿ ಒಂದು ಗ್ರೂವ್ ಹಾಕಿ ನೋಡೋಣ."

67 ಮಿಮೀ ದಪ್ಪದ ಒಂದು ಹಳೇ ತುಂಡಿನಲ್ಲಿ ಅವರು 40 ಡಿಗ್ರಿಯ ಗ್ರೂವ್ ಹಾಕಿದರು. ಬೆಲ್ಟಿನ ನೇರ ತುಂಡನ್ನು ಇಟ್ಟರೆ ಅಚ್ಚುಕಟ್ಟಾಗಿ ಕೂತಿತು. ಪೂರ್ತಿ ಬೆಲ್ಟನ್ನು ಅದೇ ಗ್ರೂವಿಗೆ ಸುತ್ತಿ ಎರಡು ಕೈಯಲ್ಲಿ ಎಳೆದು ಹಿಡಿದಾಗ ಮೇಲಿನ ಅಂಚಿನ ಎರಡೂ ಕಡೆ ಸಂದು ಕಂಡಿತು, ತಳದ ಮೂಲೆ ಮಾತ್ರ ತಾಗಿತ್ತು. ಬೆಲ್ಟ್ ಬಗ್ಗಿದಾಗ ಒಳಭಾಗ ಒತ್ತಿಕೊಂಡು ಅಗಲವಾಗುತ್ತದೆ, ಹೊರಭಾಗ ಎಳೆದುಕೊಂಡು ಕಿರಿದಾಗುತ್ತದೆ. ಹಾಗಾಗಿ ಅದರ ಕೋನ 40 ಉಳಿಯುವುದಿಲ್ಲ. ಎಷ್ಟು ಚಿಕ್ಕ ಪುಲ್ಲಿಯೋ ಅಷ್ಟು ಕಡಿಮೆಯಾಗುತ್ತದೆ. ಎ ಸೆಕ್ಷನ್‌ಗೆ ಪಿಚ್ 118 ಮಿಮೀವರೆಗೆ ಗ್ರೂವ್ 34 ಡಿಗ್ರಿ, ಅದಕ್ಕಿಂತ ದೊಡ್ಡದಕ್ಕೆ 38.

ಅಣ್ಣನಿಗೆ ಇದು ಇಷ್ಟವಾಯಿತು. ಕಣ್ಣಾರೆ ನೋಡಿದ ಮೇಲೆ ಹೆಚ್ಚು ಮಾತಿಲ್ಲ. ಟೂಲನ್ನು 34ಕ್ಕೆ ಸಾಣೆ ಹಿಡಿದು 60, 85, 110ರ ಗ್ರೂವ್ ಹೊಡೆದರು. 135ರದ್ದನ್ನು ಕಾಂಪೌಂಡ್ ಸ್ಲೈಡ್ ತಿರುಗಿಸಿ 38ಕ್ಕೆ ಮಾಡಿದರು. ಗ್ರೂವಿನಿಂದ ಗ್ರೂವಿಗೆ 15 ಮಿಮೀ, ತುದಿಯಿಂದ ಮೊದಲ ಗ್ರೂವಿನ ನಡುವಿಗೆ 10 ಮಿಮೀ. 19ರ ಬೋರ್, 6 ಮಿಮೀ ಕೀ ವೇ, ಕೀ ಮೇಲೆ ಒಂದು ಗ್ರಬ್ ಸ್ಕ್ರೂ. ಮಾಲು, ಕೂಲಿ, ಕೀ ವೇ ಸ್ಲಾಟಿಂಗ್ ಎಲ್ಲ ಸೇರಿ 2600 ರೂಪಾಯಿ.

ಪುಲ್ಲಿ ಕೈಗೆ ಬಂದಾಗ ನೋಡಬೇಕಾದದ್ದು ಎರಡು. ಬೆಲ್ಟ್ ಸುತ್ತಿದಾಗ ಅದರ ಮೇಲ್ಮೈ ಪುಲ್ಲಿಯ ಅಂಚಿಗೆ ಹೆಚ್ಚು ಕಡಿಮೆ ಸಮವಾಗಿ ಇರಬೇಕು. ಬೆಲ್ಟಿನ ತಳ ಗ್ರೂವಿನ ತಳಕ್ಕೆ ತಾಗಬಾರದು. ತಳಕ್ಕೆ ತಾಗಿದರೆ ಬೆಲ್ಟ್ ಪಕ್ಕಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಓಡುತ್ತಿರುವ ಹಳೇ ಮಷೀನಿನಲ್ಲಿ ಗ್ರೂವಿನ ತಳ ಫಳಫಳ ಹೊಳೆಯುತ್ತಿದ್ದರೆ ಹೀಗಾಗಿದೆ ಎಂದೇ ಅರ್ಥ.

6. ಸೀಮೆಸುಣ್ಣದ ಪರೀಕ್ಷೆ

ಪುಲ್ಲಿ ಕೂರಿಸಿ, ಎರಡೂ ಪುಲ್ಲಿ ಒಂದೇ ಮಟ್ಟದಲ್ಲಿವೆಯೇ ಎಂದು ಸ್ಟೀಲ್ ಪಟ್ಟಿ ಇಟ್ಟು ನೋಡಿದೆ. ಮೋಟರ್ ಪುಲ್ಲಿ 2 ಮಿಮೀ ಮೇಲಿತ್ತು, ಇಳಿಸಿದೆ. ಬೆಲ್ಟನ್ನು ಕೆಳಗಿನ ಜೋಡಿಗೆ ಹಾಕಿ, ನಡುವೆ ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು 5 ಮಿಮೀ ಬಗ್ಗುವಷ್ಟು ಬಿಗಿ ಮಾಡಿದೆ.

ಕರೆಂಟ್ ಕೊಡುವ ಮೊದಲು ಕೈಯಲ್ಲೇ ಒಂದು ಪರೀಕ್ಷೆ ಮಾಡಿದೆ. ಇದಕ್ಕೆ ಖರ್ಚಿಲ್ಲ, ಮತ್ತು ಪಿಚ್ ವ್ಯಾಸವೋ ಹೊರ ವ್ಯಾಸವೋ ಎನ್ನುವ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಬೇರೆ ದಾರಿ ನನಗೆ ಗೊತ್ತಿಲ್ಲ.

60 ಭಾಗಿಸು 135 ಅಂದರೆ ಸರಿಯಾಗಿ 4 ಭಾಗಿಸು 9. ಮೋಟರ್ ಪುಲ್ಲಿ 9 ಸುತ್ತು ತಿರುಗಿದರೆ ಸ್ಪಿಂಡಲ್ ಸರಿಯಾಗಿ 4 ಸುತ್ತು ತಿರುಗಬೇಕು. ಹೊರ ವ್ಯಾಸದ ಲೆಕ್ಕ ನಿಜವಾಗಿದ್ದರೆ 67 ಭಾಗಿಸು 142 ಆಗುತ್ತದೆ, ಅದೇ 9 ಸುತ್ತಿಗೆ ಸ್ಪಿಂಡಲ್ 4.25 ಸುತ್ತು ತಿರುಗಬೇಕು. ಕಾಲು ಸುತ್ತಿನ ವ್ಯತ್ಯಾಸ. ಅಳತೆ ಸಾಮಾನು ಬೇಡ, ಕಣ್ಣಿಗೇ ಕಾಣುತ್ತದೆ.

ಪ್ಲಗ್ ಕಿತ್ತಿಟ್ಟು, ಎರಡೂ ಪುಲ್ಲಿಯ ಮೇಲೆ ಮತ್ತು ಅವುಗಳ ಎದುರು ಮಷೀನಿನ ಮೈಮೇಲೆ ಸೀಮೆಸುಣ್ಣದ ಗೆರೆ ಹಾಕಿದೆ. ಮೋಟರ್ ಪುಲ್ಲಿಯನ್ನು ನಿಧಾನವಾಗಿ 9 ಸುತ್ತು ತಿರುಗಿಸಿದೆ. ಸ್ಪಿಂಡಲ್ ಪುಲ್ಲಿಯ ಗೆರೆ ನಾಲ್ಕು ಸುತ್ತು ಮುಗಿಸಿ ಮೈಮೇಲಿನ ಗೆರೆಯ ಎದುರಿಗೇ ಬಂದು ನಿಂತಿತು, ಒಂದು ಸೀಮೆಸುಣ್ಣದ ಅಗಲದಷ್ಟು ಆಚೀಚೆ ಇರಬಹುದು. ಪಿಚ್ ಲೆಕ್ಕವೇ ಸರಿ.

ಹಳೆಯ ಮಷೀನ್ ಕೊಳ್ಳಲು ಹೋದಾಗಲೂ ಇದನ್ನು ಮಾಡಬಹುದು. ಪುಲ್ಲಿ ಅಳೆಯಲು ಕೈ ಹೋಗದ ಜಾಗದಲ್ಲಿದ್ದರೂ ಮೋಟರ್ 10 ಸುತ್ತಿಗೆ ಸ್ಪಿಂಡಲ್ ಎಷ್ಟು ಸುತ್ತು ಎಂದು ಎಣಿಸಿದರೆ ಸಾಕು, ಅದನ್ನು 10ರಿಂದ ಭಾಗಿಸಿ ನೇಮ್ ಪ್ಲೇಟಿನ ವೇಗಕ್ಕೆ ಗುಣಿಸಿದರೆ ಸ್ಪಿಂಡಲ್ ವೇಗ ಬಂತು.

7. ಟ್ಯಾಕೋಮೀಟರ್ ಹಿಡಿದಾಗ

ಬೆಳಕಿನ ಟ್ಯಾಕೋಮೀಟರ್, 1100 ರೂಪಾಯಿ. ಚಕ್ ಮೇಲೆ ಹೊಳೆಯುವ ಪಟ್ಟಿ ಅಂಟಿಸಿ ಹಿಡಿದೆ. ಕೆಳಗಿನ ಮೆಟ್ಟಿಲಲ್ಲಿ, ಖಾಲಿ ಓಡುವಾಗ 655 ತೋರಿಸಿತು.

ಲೆಕ್ಕ ಹೇಳಿದ್ದು 640. ಬೆಲ್ಟ್ ಸ್ವಲ್ಪ ಜಾರುತ್ತದೆ, ಹಾಗಾಗಿ ಕಡಿಮೆ ಬರಬೇಕಿತ್ತು, ಜಾಸ್ತಿ ಬಂದಿದೆ. ಇಲ್ಲಿ ಬಹಳ ಜನ ಪುಲ್ಲಿ ತಪ್ಪಾಗಿದೆ ಎಂದುಕೊಳ್ಳುತ್ತಾರೆ. ಪುಲ್ಲಿ ಸರಿಯಾಗಿಯೇ ಇದೆ. 1440 ಎನ್ನುವುದು ಮೋಟರ್ ಪೂರ್ತಿ ಲೋಡ್ ಎಳೆಯುವಾಗಿನ ವೇಗ. ಖಾಲಿ ಇದ್ದಾಗ ಅದು 1500ರ ಹತ್ತಿರಕ್ಕೆ ಏರುತ್ತದೆ. ಮೋಟರ್ ಪುಲ್ಲಿಗೂ ಪಟ್ಟಿ ಅಂಟಿಸಿ ಅಳೆದೆ: 1488. ಈಗ ಲೆಕ್ಕ ಕೂಡುತ್ತದೆ.

```
1488 × 60 / 135 = 661
ಅಳೆದದ್ದು          = 655
```

ನೂರಕ್ಕೆ ಒಂದರಷ್ಟು ಜಾರಿದೆ. ಬಿಗಿಯಾಗಿರುವ ವಿ ಬೆಲ್ಟಿನಲ್ಲಿ ಇಷ್ಟು ಸಹಜ. ಹಾಗಾಗಿ ಟ್ಯಾಕೋಮೀಟರ್ ಹಿಡಿಯುವವರು ಎರಡೂ ಶಾಫ್ಟ್ ಅಳೆಯಬೇಕು. ಸ್ಪಿಂಡಲ್ ಒಂದನ್ನೇ ಅಳೆದು ನೇಮ್ ಪ್ಲೇಟಿಗೆ ಹೋಲಿಸಿದರೆ ಮೋಟರಿನ ಏರಿಳಿತ ಯಾವುದು, ಬೆಲ್ಟಿನ ಜಾರುವಿಕೆ ಯಾವುದು ಗೊತ್ತಾಗುವುದಿಲ್ಲ.

ಉಳಿದ ಮೆಟ್ಟಿಲುಗಳಲ್ಲಿ ಖಾಲಿ ಓಡುವಾಗ 1138, 1903, 3295 ಬಂತು. ಮೇಲಿನ ಮೆಟ್ಟಿಲಲ್ಲಿ ಜಾರುವುದು ಒಂದೂವರೆ ಪರ್ಸೆಂಟ್ ಹತ್ತಿರ ಇದೆ.

ಟ್ಯೂಬ್‌ಲೈಟ್ ಕೆಳಗೆ ಅಳೆಯುವವರು ಒಂದು ಗಮನಿಸಿ. ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೀಟರ್ ಅದನ್ನೇ ಎಣಿಸಿಬಿಟ್ಟರೆ 6000 ತೋರಿಸುತ್ತದೆ. ಮಷೀನಿಗೆ ಸಂಬಂಧವೇ ಇಲ್ಲದೆ 6000 ಕಂಡರೆ ಲೈಟ್ ಆರಿಸಿ ಮತ್ತೆ ಅಳೆಯಿರಿ.

ಕೊನೆಗೆ ಅದೇ 10 ಮಿಮೀ ಪ್ಲೇಟ್, ಹೊಸದಾಗಿ ಸಾಣೆ ಹಿಡಿದ 10 ಮಿಮೀ ಬಿಟ್, ಕಟಿಂಗ್ ಆಯಿಲ್. ಹುಡುಗ ಮೀಟರ್ ಹಿಡಿದ, ನಾನು ಹ್ಯಾಂಡಲ್ ಒತ್ತಿದೆ. ಕೊರೆಯುವಾಗ ಸ್ಪಿಂಡಲ್ 636. ಎರಡು ಕಡೆಯಿಂದಲೂ ಸುರುಳಿ ಸುರುಳಿಯಾಗಿ ಉದ್ದ ಚೂರು ಬಂತು. ಬಿಟ್ಟಿನ ಮೂಲೆ ಬಣ್ಣ ಬದಲಿಸಲಿಲ್ಲ. ಸಣ್ಣ ಪುಲ್ಲಿ ಮುಟ್ಟಿದರೆ ಬೆಚ್ಚಗಿತ್ತು ಅಷ್ಟೇ.

8. ಗಾರ್ಡ್ ಒಳಗೆ ಅಂಟಿಸಿದ ಚೀಟಿ

ಬೆಲ್ಟ್ ಗಾರ್ಡಿನ ಮುಚ್ಚಳದ ಒಳಗೆ ಈ ಪಟ್ಟಿ ಅಂಟಿಸಿದೆ. ಎಂ.ಎಸ್.ಗೆ ಮಾತ್ರ:

| ಬೆಲ್ಟ್ ಸ್ಥಾನ | ವೇಗ | ಬಿಟ್ |
|---|---|---|
| ಕೆಳಗೆ | 640 | 10ರಿಂದ 13 ಮಿಮೀ |
| ಎರಡನೆಯದು | 1113 | 6ರಿಂದ 9 ಮಿಮೀ |
| ಮೂರನೆಯದು | 1864 | 4ರಿಂದ 5 ಮಿಮೀ |
| ಮೇಲೆ | 3240 | 3 ಮಿಮೀ ಮತ್ತು ಕೆಳಗೆ |

9 ಮಿಮೀ ಬಿಟ್ಟಿಗೆ 890 ಬೇಕು, ಅದು 640ಕ್ಕೂ 1113ಕ್ಕೂ ನಡುವೆ ಬೀಳುತ್ತದೆ. ಒಂದೆರಡು ತೂತಾದರೆ 1113ರಲ್ಲಿ ಮಾಡುತ್ತೇವೆ, ಸಾಲಾಗಿ ಬಹಳ ತೂತು ಇದ್ದರೆ 640ಕ್ಕೆ ಇಳಿಸುತ್ತೇವೆ. ನಿಧಾನವಾದರೆ ಸಮಯ ಹೋಗುತ್ತದೆ, ಜೋರಾದರೆ ಬಿಟ್ ಹೋಗುತ್ತದೆ.

ಸ್ಟೇನ್‌ಲೆಸ್ ಸ್ಟೀಲಿಗೆ ಈ ಮಷೀನ್ ಇನ್ನೂ ಜೋರೇ. ಅಲ್ಲಿ ನಿಮಿಷಕ್ಕೆ 12 ಮೀಟರಿನಷ್ಟೇ ಹಿಡಿದರೆ, 8000ದ ಬದಲು ಸುಮಾರು 3800 ಭಾಗಿಸು ಬಿಟ್ ಸೈಜ್. 6 ಮಿಮೀ ಬಿಟ್ಟಿಗೇ 640 ಆಯಿತು. ಅದಕ್ಕಿಂತ ದೊಡ್ಡ ತೂತು ಎಸ್.ಎಸ್.ನಲ್ಲಿ ಬೇಕಾದರೆ ಈ ಮಷೀನಿನಲ್ಲಿ ಮಾಡುವುದಿಲ್ಲ ಎಂದು ಚೀಟಿಯ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿದ್ದೇನೆ.

ಖರ್ಚು: ಮೋಟರ್ 3200, ಪುಲ್ಲಿ 2600, ಬೆಲ್ಟ್ 180, ಟ್ಯಾಕೋಮೀಟರ್ 1100, ಉಪಯೋಗಕ್ಕೆ ಬಾರದ 2 ಇಂಚಿನ ಪುಲ್ಲಿ 250. ಒಟ್ಟು 7330. ಹಳೇ ಮೋಟರ್ ಮಾರಿದ 1500 ಕಳೆದರೆ 5830 ರೂಪಾಯಿ. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಸಡಿಲವಾಗುತ್ತದೆ. ಒಂದು ಸಲ ಬಿಗಿ ಮಾಡಿದ್ದೇನೆ, ಇನ್ನೊಮ್ಮೆ ನೋಡಬೇಕು.